ಹೊಸ ಟೆಸ್ಟರ್‌ ಆಯ್ಕೆ: ಅಂಕ ಯಾವುದಕ್ಕೆ, ಎಷ್ಟು?

ಕಿರಿಯ ಸಾಫ್ಟ್‌ವೇರ್ ಟೆಸ್ಟರ್ ಹುದ್ದೆಗೆ ಬರುವವರಲ್ಲಿ ಹೆಚ್ಚಿನವರಿಗೆ ಕೆಲಸದ ಅನುಭವ ಇರುವುದಿಲ್ಲ. ಹಾಗಾಗಿ ಸಂದರ್ಶಕರ ಗಮನ ಕಾಲೇಜಿನ ಹೆಸರು, ಇಂಗ್ಲಿಷಿನ ಸರಾಗತೆಯ ಕಡೆಗೆ ಹೊರಳುತ್ತದೆ. ಒಂದು ಗುಣ ಹಿಡಿಸಿದರೆ ಉಳಿದ ಗುಣಗಳಿಗೂ ಹೆಚ್ಚು ಅಂಕ ಬೀಳುವ ಈ ದೋಷವನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ‘ಹೇಲೋ’ ಎಂದು ಕರೆದರು. ಇದನ್ನು ತಡೆಯಲು ಸ್ಕೋರ್‌ಕಾರ್ಡ್ ಕೆಲಸಕ್ಕೆ ಬೇಕಾದುದನ್ನಷ್ಟೇ ಅಳೆಯಬೇಕು.

ಹೊಸಬರಿಗೆ ಮೂರು ಅಂಶಗಳು ಸಾಕು: ಪರೀಕ್ಷೆಗಳನ್ನು ಯೋಚಿಸುವುದು, ಕಂಡ ದೋಷವನ್ನು ಬರೆದು ತಿಳಿಸುವುದು, ಅಸ್ಪಷ್ಟವಾದುದನ್ನು ಕೇಳಿ ತಿಳಿಯುವುದು. ಇವುಗಳ ತೂಕ ಕ್ರಮವಾಗಿ 4, 3, 3 ಇರಲಿ. ಪ್ರತಿ ಅಂಶಕ್ಕೂ 1ರಿಂದ 4ರವರೆಗೆ ಅಂಕ ಕೊಟ್ಟರೆ ಒಟ್ಟು ಗರಿಷ್ಠ 40 ಆಗುತ್ತದೆ.

ಬರೀ ‘ಉತ್ತಮ’, ‘ಸಾಧಾರಣ’ ಎಂದು ಬರೆದರೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಬರೆದಿಡಬೇಕು. ಉದಾಹರಣೆಗೆ, ‘18ರಿಂದ 60ರವರೆಗಿನ ವಯಸ್ಸನ್ನು ಮಾತ್ರ ಸ್ವೀಕರಿಸುವ ಅರ್ಜಿಯನ್ನು ಹೇಗೆ ಪರೀಕ್ಷಿಸುತ್ತೀರಿ?’ ಎಂಬ ಪ್ರಶ್ನೆ. 30ರಂಥ ಸರಿಯಾದ ವಯಸ್ಸನ್ನಷ್ಟೇ ಹೇಳಿದರೆ 1. ತಪ್ಪು ವಯಸ್ಸನ್ನೂ ಸೇರಿಸಿದರೆ 2. ದೋಷಗಳು ಹೆಚ್ಚಾಗಿ ಅಡಗುವ ಗಡಿಗಳನ್ನು, ಅಂದರೆ 17, 18, 60, 61ನ್ನು ಹಿಡಿದರೆ 3. ಅವುಗಳ ಜೊತೆಗೆ ಖಾಲಿ ಜಾಗ, ಅಕ್ಷರ, ದಶಮಾಂಶವನ್ನೂ ಯೋಚಿಸಿ ಕಾರಣ ಹೇಳಿದರೆ 4.

ಎರಡನೇ ಅಂಶಕ್ಕೆ ದೋಷವಿರುವ ಒಂದು ಪುಟವನ್ನು ತೋರಿಸಿ ವರದಿ ಬರೆಸಬಹುದು. ಏನು ಮಾಡಿದಾಗ, ಏನಾಗಬೇಕಿತ್ತು, ಏನಾಯಿತು ಎಂಬುದು ಓದುವವರಿಗೆ ತಿಳಿದರೆ ಸಾಕು. ವ್ಯಾಕರಣದ ತಪ್ಪಿಗೆ ಅಂಕ ಕಳೆಯಬಾರದು.

ಸರಾಗವಾಗಿ ಮಾತಾಡುವ ಒಬ್ಬ ಅಭ್ಯರ್ಥಿಗೆ 2, 2, 3 ಬಂದಿದೆ ಎನ್ನೋಣ. ಒಟ್ಟು 8+6+9, ಅಂದರೆ 23. ತಡವರಿಸುತ್ತಲೇ ಗಡಿಗಳನ್ನೆಲ್ಲ ಹಿಡಿದ ಇನ್ನೊಬ್ಬರಿಗೆ 4, 3, 3 ಬಂದರೆ ಒಟ್ಟು 16+9+9, ಅಂದರೆ 34. ಕಾರ್ಡ್ ಇಲ್ಲದಿದ್ದರೆ ಮೊದಲನೆಯವರೇ ಗೆಲ್ಲುವ ಸಂಭವವಿತ್ತು.

ಎಲ್ಲರಿಗೂ ಅದೇ ಪ್ರಶ್ನೆ, ಅಷ್ಟೇ ಸಮಯ ಸಿಗಬೇಕು. ಸಂದರ್ಶಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಮೊದಲೇ ಅಂಕವನ್ನೂ ಅದಕ್ಕೆ ಆಧಾರವಾದ ಉತ್ತರವನ್ನೂ ಬರೆದಿಡಬೇಕು. ಒಂದೇ ಅಂಶಕ್ಕೆ ಇಬ್ಬರು ಕೊಟ್ಟ ಅಂಕಗಳ ನಡುವೆ 2ರ ಅಂತರ ಬಂದರೆ ಸರಾಸರಿ ತೆಗೆಯದೆ, ಬರೆದಿಟ್ಟ ಉತ್ತರವನ್ನು ಮತ್ತೆ ಓದಬೇಕು. ಎಲ್ಲರಿಗೂ 3 ಬೀಳುತ್ತಿದ್ದರೆ ಅಂಕಗಳ ವಿವರಣೆ ಮಸುಕಾಗಿದೆ ಎಂದರ್ಥ. ಎಲ್ಲರೂ ಇದ್ದಕ್ಕಿದ್ದಂತೆ ಒಂದೇ ಮಾತುಗಳಲ್ಲಿ 4 ಪಡೆದರೆ ಪ್ರಶ್ನೆ ಹೊರಗೆ ಹೋಗಿರಬಹುದು, ಅದನ್ನು ಬದಲಿಸಬೇಕು.

ಒಂದೆರಡು ಅಂಕಗಳ ವ್ಯತ್ಯಾಸದಿಂದ ಒಬ್ಬರು ಇನ್ನೊಬ್ಬರಿಗಿಂತ ಮೇಲು ಎಂದು ಹೇಳಲಾಗದು. ಅಂಥವರನ್ನು ಸಮಾನರೆಂದೇ ಎಣಿಸಿ, ಇಬ್ಬರಿಗೂ ಇನ್ನೊಂದು ಚಿಕ್ಕ ಕೆಲಸ ಕೊಟ್ಟು ನೋಡುವುದು ನ್ಯಾಯ.