ಕೆಪಾಸಿಟರ್ ಹಿಗ್ಗಿದರೆ ಡಯೋಡಿಗೆ ಹೊರೆ

ಆಂಪ್ಲಿಫೈಯರ್ ‘ಗುಂಯ್’ ಎನ್ನತೊಡಗಿದರೆ ರಿಪೇರಿಯವರು ಮೊದಲು ನೋಡುವುದು ಪವರ್ ಸಪ್ಲೈನ ಕೆಪಾಸಿಟರನ್ನು. ಅದಕ್ಕಿಂತ ದೊಡ್ಡದನ್ನು ಹಾಕಿದರೆ ಸದ್ದು ಅಡಗಬಹುದು. ಆದರೆ ಎಷ್ಟು ದೊಡ್ಡದು ಸಾಕು?

ಒಂದು ಸಪ್ಲೈಯ ಲೆಕ್ಕ ಹಾಕೋಣ. 15 ವೋಲ್ಟ್ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡುಗಳ ಬ್ರಿಡ್ಜ್, ಕೆಪಾಸಿಟರ್, ಅದರ ಮುಂದೆ 12 ವೋಲ್ಟ್ ಕೊಡುವ 7812 ರೆಗ್ಯುಲೇಟರ್. ಲೋಡ್ 1 ಆಂಪಿಯರ್. 15 ಎಂಬುದು ಆರ್‌ಎಂಎಸ್ ಬೆಲೆ. ಅಲೆಯ ತುದಿ ಅದರ 1.41 ಪಟ್ಟು, ಅಂದರೆ ಸುಮಾರು 21 ವೋಲ್ಟ್. ಕರೆಂಟ್ ಪ್ರತಿ ಸಲವೂ ಎರಡು ಡಯೋಡುಗಳನ್ನು ದಾಟಬೇಕು. ಅಲ್ಲಿ ಸುಮಾರು 2 ವೋಲ್ಟ್ ಕಳೆದು ಕೆಪಾಸಿಟರ್ 19 ವೋಲ್ಟಿನವರೆಗೆ ತುಂಬುತ್ತದೆ.

ನಮ್ಮ ವಿದ್ಯುತ್ತು 50 ಹರ್ಟ್ಸ್. ಬ್ರಿಡ್ಜ್ ಅಲೆಯ ಎರಡೂ ಅರ್ಧಗಳನ್ನು ಬಳಸುವುದರಿಂದ 10 ಮಿಲಿಸೆಕೆಂಡಿಗೊಮ್ಮೆ ಒಂದು ತುದಿ ಬರುತ್ತದೆ. ನಡುವೆ ಲೋಡನ್ನು ಸಾಕುವುದು ಕೆಪಾಸಿಟರೇ. ಆಗ ಅದರ ವೋಲ್ಟೇಜ್ ಇಳಿಯುತ್ತದೆ. ಈ ಏರಿಳಿತವೇ ರಿಪಲ್. ಅಂದಾಜಿಗೆ ಸೂತ್ರ ಸರಳ:

V = I × t / C

2200 ಮೈಕ್ರೋಫ್ಯಾರಡ್ ಹಾಕಿದರೆ 1 × 0.01 / 0.0022, ಅಂದರೆ 4.5 ವೋಲ್ಟ್. ವೋಲ್ಟೇಜ್ ಅತಿ ಕೆಳಗಿಳಿದಾಗಲೂ 14.5 ಉಳಿಯುತ್ತದೆ. 7812 ಸರಿಯಾಗಿ ಕೆಲಸ ಮಾಡಲು ಸುಮಾರು 14 ವೋಲ್ಟ್ ಬೇಕು. ಹಾಗಾಗಿ ಇದು ಸಾಕು. ನಿಜವಾದ ರಿಪಲ್ ಇದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ, ಏಕೆಂದರೆ ಕೆಪಾಸಿಟರ್ ಪೂರ್ತಿ 10 ಮಿಲಿಸೆಕೆಂಡ್ ಬರಿದಾಗುವುದಿಲ್ಲ.

ಇನ್ನೂ ಶುದ್ಧವಾಗಲಿ ಎಂದು 10,000 ಮೈಕ್ರೋಫ್ಯಾರಡ್ ಹಾಕಿದರೆ ರಿಪಲ್ 1 ವೋಲ್ಟಿಗೆ ಇಳಿಯುತ್ತದೆ. ಆದರೆ ಡಯೋಡುಗಳು ತೆರೆದುಕೊಳ್ಳುವುದು ಅಲೆಯ ವೋಲ್ಟೇಜ್ ಕೆಪಾಸಿಟರಿನದನ್ನು ಮೀರಿದಾಗ ಮಾತ್ರ. 2200ರಲ್ಲಿ ಆ ಅವಧಿ ಸುಮಾರು 2 ಮಿಲಿಸೆಕೆಂಡ್, 10,000ದಲ್ಲಿ ಒಂದೇ. ನಲ್ಲಿ ನೀರು ಬರುವ ಹೊತ್ತು ಅರ್ಧವಾದರೂ ತೊಟ್ಟಿ ತುಂಬಲೇಬೇಕೆಂದರೆ ನೀರು ಇಮ್ಮಡಿ ರಭಸದಿಂದ ಬರಬೇಕು. ಹಾಗೆಯೇ ಇಲ್ಲಿ ಕರೆಂಟಿನ ತುದಿ ಸುಮಾರು 10 ಆಂಪಿಯರಿನಿಂದ 20ಕ್ಕೆ ಏರುತ್ತದೆ, ಅದೂ ಸೆಕೆಂಡಿಗೆ 100 ಸಲ. ಟ್ರಾನ್ಸ್‌ಫಾರ್ಮರಿನ ತಂತಿಯ ರೆಸಿಸ್ಟೆನ್ಸ್ ಇದನ್ನು ಸಾಕಷ್ಟು ತಗ್ಗಿಸುತ್ತದೆ. ಆದರೆ ಆ ತಂತಿಯೇ ಬಿಸಿಯಾಗುತ್ತದೆ. ಅದಕ್ಕೇ 1 ಆಂಪಿಯರ್ ಡಿಸಿ ಬೇಕೆಂದರೆ ಸುಮಾರು 1.8 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಆರಿಸುವುದು ವಾಡಿಕೆ.

ಒಂದೊಂದು ಡಯೋಡಿಗೆ ಸರಾಸರಿ ಬೀಳುವುದು ಅರ್ಧ ಆಂಪಿಯರ್ ಮಾತ್ರ, ಹಾಗಾಗಿ 1 ಆಂಪಿಯರಿನ 1N4007 ಸಾಕೆನಿಸುತ್ತದೆ. ಅದರ ವಿವರಪಟ್ಟಿಯ 30 ಆಂಪಿಯರ್ ಸರ್ಜ್ ನೋಡಿ ನಿಶ್ಚಿಂತರಾಗಬೇಡಿ. ಅದು ಸ್ವಿಚ್ ಹಾಕಿದಾಗ ಬೀಳುವಂಥ ಒಂದು ಸಲದ ಏಟಿನ ಮಿತಿ. ಪ್ರತಿ ಅಲೆಗೂ ಮರುಕಳಿಸುವ ಏಟಿನದಲ್ಲ. ಇಲ್ಲಿ 3 ಆಂಪಿಯರಿನ 1N5408 ಹಾಕುವುದು ಕ್ಷೇಮ.

ಲೆಕ್ಕ ಸರಿಯಿದ್ದೂ ಗುಂಯ್‌ಗುಟ್ಟಿದರೆ ಡಯೋಡುಗಳನ್ನು ಒಂದೊಂದಾಗಿ ಪರೀಕ್ಷಿಸಿ. ಒಂದು ತೆರೆದು ಹೋಗಿದ್ದರೂ ತುದಿಗಳ ಅಂತರ 20 ಮಿಲಿಸೆಕೆಂಡಾಗಿ ರಿಪಲ್ ಇಮ್ಮಡಿಯಾಗುತ್ತದೆ, ಸದ್ದು 50 ಹರ್ಟ್ಸಿಗೆ ಇಳಿದು ಇನ್ನಷ್ಟು ದಪ್ಪವಾಗುತ್ತದೆ. ಆಗ ದೊಡ್ಡ ಕೆಪಾಸಿಟರ್ ಹಾಕಿದರೆ ದೋಷ ಮುಚ್ಚಿಹೋಗಿ, ಉಳಿದ ಡಯೋಡುಗಳ ಮೇಲಿನ ಹೊರೆ ಮತ್ತಷ್ಟು ಹೆಚ್ಚುತ್ತದೆ.