ಕಿತ್ತು ಬಂದ ಪಟ್ಟಿಯ ಬೆನ್ನು

ಉಡುಪಿ ಕಡೆಯ ನಮ್ಮ ಮನೆಯಲ್ಲಿ ನೈರುತ್ಯಕ್ಕೆ ಮುಖ ಮಾಡಿದ ಒಂದು ಅಲ್ಯೂಮಿನಿಯಂ ಕಿಟಕಿಯಿದೆ. ಐದಡಿ ಅಗಲ, ನಾಲ್ಕಡಿ ಎತ್ತರ. ಜೂನ್ ಮಳೆ ಗಾಳಿಯ ಜೊತೆ ಬಂದು ನೇರ ಅದಕ್ಕೇ ಬಡಿಯುತ್ತದೆ. ಎರಡು ವರ್ಷದಲ್ಲಿ ಎರಡು ಸಲ ಅದರ ಸುತ್ತ ಸಿಲಿಕೋನ್ ಹಾಕಿಸಿದ್ದೆವು. ಎರಡು ಸಲವೂ ಮಳೆಗಾಲ ಅರ್ಧವಾಗುವಷ್ಟರಲ್ಲಿ ಒಳಗೋಡೆಯ ಪೇಂಟ್ ಉಬ್ಬಿತು. ಮೂರನೇ ಸಲ ಕರೆದಾಗ ಬಂದ ಮೇಸ್ತ್ರಿ ಟ್ಯೂಬನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಹಳೇ ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆದರು. ಅದು ಹಲಸಿನ ಸೊಳೆಯ ಮೇಲಿನ ನಾರಿನಂತೆ ಉದ್ದಕ್ಕೂ ಸುಲಿದು ಬಂತು. ಅದನ್ನು ತಿರುಗಿಸಿ ನನ್ನ ಕೈಗೆ ಕೊಟ್ಟರು: "ಬೆನ್ನು ನೋಡಿ ಮಾರಾಯ್ರೆ."

ಬೆನ್ನಿನ ಒಂದು ಅಂಚು ಬೆಳ್ಳಗೆ ಪುಡಿಪುಡಿಯಾಗಿತ್ತು. ಸಿಲಿಕೋನ್ ತನ್ನ ಕೆಲಸ ಮಾಡಿತ್ತು, ಅದು ಹಿಡಿದುಕೊಂಡದ್ದು ಗೋಡೆಯ ಪುಟ್ಟಿಯನ್ನು. ಆ ಪುಟ್ಟಿಯೇ ಒದ್ದೆಯಾಗಿ ಗಿಲಾವನ್ನು ಬಿಟ್ಟುಕೊಟ್ಟಿತ್ತು. ಸೀಲೆಂಟ್ ಏಕೆ ಸೋತಿತೆಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಬೆನ್ನಿಗೆ ಪುಡಿ ಅಂಟಿದ್ದರೆ ಕೆಳಗಿನ ಪದರ ಸಡಿಲವಿತ್ತು. ಬೆನ್ನು ನುಣ್ಣಗೆ, ಹೊಳೆಯುವಂತಿದ್ದರೆ ಅದು ಅಂಟಿಕೊಂಡೇ ಇರಲಿಲ್ಲ: ಎಣ್ಣೆ, ಸೋಪು, ತೇವ ಅಥವಾ ಹಳೇ ಸಿಲಿಕೋನಿನ ಪೊರೆ ನಡುವೆ ಇತ್ತು. ಎರಡೂ ಅಂಚು ಗಟ್ಟಿಯಾಗಿ ನಿಂತು ಪಟ್ಟಿ ಮಧ್ಯದಲ್ಲಿ ಸೀಳಿದ್ದರೆ ಸಂದಿಗೆ ಹಿಗ್ಗಲು ಜಾಗ ಸಾಲದು.

ಈ ಹಿಗ್ಗುವ ಲೆಕ್ಕವನ್ನು ಸಾಮಾನ್ಯವಾಗಿ ಯಾರೂ ಹಾಕುವುದಿಲ್ಲ. ಒಂದೂವರೆ ಮೀಟರ್ ಉದ್ದದ ಅಲ್ಯೂಮಿನಿಯಂ ಚೌಕಟ್ಟು ಮುಂಜಾನೆಯ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿ ಏರಿದರೆ ಸುಮಾರು 1 ಮಿಲಿಮೀಟರ್ ಉದ್ದವಾಗುತ್ತದೆ. ಗೋಡೆ ಅಷ್ಟು ಹಿಗ್ಗುವುದಿಲ್ಲ. ಎರಡು ತುದಿಗೂ ಅರ್ಧರ್ಧ ಹಂಚಿದರೂ, 2 ಮಿ.ಮೀ. ಸಂದಿಯಲ್ಲಿ ತುಂಬಿದ ಸೀಲೆಂಟ್ ದಿನವೂ ತನ್ನ ಅಗಲದ ಕಾಲು ಭಾಗ ಹಿಗ್ಗಿ ಕುಗ್ಗಬೇಕು. ಸಂದಿ 10 ಮಿ.ಮೀ. ಇದ್ದರೆ ಅದೇ ಚಲನೆ ನೂರಕ್ಕೆ ಐದು ಮಾತ್ರ. ಪಿವಿಸಿ ಕಿಟಕಿ ಅಲ್ಯೂಮಿನಿಯಂಗಿಂತ ಎಷ್ಟೋ ಹೆಚ್ಚು ಹಿಗ್ಗುತ್ತದೆ, ಅದಕ್ಕೆ ಈ ಜಾಗ ಇನ್ನೂ ಮುಖ್ಯ. ಬಿರುಕಿನ ಮೇಲೆ ಬೆರಳಿನಿಂದ ತೆಳ್ಳಗೆ ಸವರುವ ನಮ್ಮ ಪದ್ಧತಿಗೆ ಆಯುಷ್ಯ ಕಡಿಮೆ ಇರುವುದು ಇದಕ್ಕೇ.

ಹಾಗಾದರೆ ಯಾವ ಟ್ಯೂಬು? ಅಂಗಡಿಯಲ್ಲಿ ಎಲ್ಲಕ್ಕೂ 'ಸಿಲಿಕಾನ್' ಅನ್ನುತ್ತಾರೆ. ನಮ್ಮ ಕಿಟಕಿಯ ಹೊರಸಂದಿಯ ಒಂದು ಕಡೆ ಸಿಮೆಂಟ್ ಗಿಲಾವು, ಇನ್ನೊಂದು ಕಡೆ ಪೌಡರ್ ಕೋಟಿಂಗ್ ಆದ ಅಲ್ಯೂಮಿನಿಯಂ, ಮೇಲೆ ಗೋಡೆಯ ಬಣ್ಣ ಬರಬೇಕು. ಇಂಥ ಕಡೆ ಪಾಲಿಯುರಿಥೇನ್, ಕೆಲಸದವರ ಬಾಯಲ್ಲಿ 'ಪಿಯು', ಒಳ್ಳೆಯದು. ಸಿಮೆಂಟನ್ನು ಚೆನ್ನಾಗಿ ಹಿಡಿಯುತ್ತದೆ, ಅದರ ಮೇಲೆ ಪೇಂಟ್ ನಿಲ್ಲುತ್ತದೆ. ಸಿಲಿಕೋನ್ ಮೇಲೆ ಪೇಂಟ್ ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರುತ್ತದೆ. ಪಿಯುವಿನ ದೋಷ ಬಿಸಿಲು. ಬಣ್ಣ ಬಳಿಯದೆ ಬಿಟ್ಟರೆ ಹಳದಿಗಟ್ಟಿ, ಮೇಲ್ಮೈ ಪುಡಿಯಾಗುತ್ತದೆ. ಗಾಜಿಗೆ ಅದನ್ನು ಹಾಕಬಾರದು, ಗಾಜಿನ ಮೂಲಕ ಹಾಯುವ ಬಿಸಿಲು ಅಂಟನ್ನೇ ಕೆಡಿಸುತ್ತದೆ. ಗಾಜಿಗೂ ಚೌಕಟ್ಟಿಗೂ ನಡುವೆ ಸಿಲಿಕೋನೇ ಸರಿ.

ಸಿಲಿಕೋನಿನಲ್ಲೂ ಎರಡು ಜಾತಿ. ಅಗ್ಗದ್ದು ಗಟ್ಟಿಯಾಗುವಾಗ ವಿನೆಗರ್ ವಾಸನೆ ಬರುತ್ತದೆ, ಅಂದರೆ ಆಮ್ಲ ಬಿಡುತ್ತದೆ. ಗಾಜು, ಹೊಳಪಿನ ಟೈಲ್ಸ್, ಪಿಂಗಾಣಿಗೆ ತೊಂದರೆಯಿಲ್ಲ. ಆದರೆ ಕಡಪಾ ಕಲ್ಲು, ಶಹಾಬಾದ್ ಕಲ್ಲು, ಅಮೃತಶಿಲೆ ಮೂರೂ ಸುಣ್ಣದ ಅಂಶದವು. ಆಮ್ಲ ತಾಗಿದಲ್ಲಿ ಕಲ್ಲಿನ ಮೈ ಸವೆದು ಕಳೆಗುಂದುತ್ತದೆ, ಅಂಟೂ ನಿಲ್ಲುವುದಿಲ್ಲ. ಸಿಮೆಂಟು, ಕನ್ನಡಿಯ ಹಿಂಬದಿ, ಜಿ.ಐ. ತಗಡಿಗೂ ಅದು ಆಗದು. ಟ್ಯೂಬಿನ ಮೇಲೆ 'ನ್ಯೂಟ್ರಲ್' ಎಂದಿರುವುದನ್ನೇ ಕೇಳಿ ತನ್ನಿ. ನಮ್ಮ ಕಿಟಕಿಯ ಒಳಗಿನ ಕಡಪಾ ಹಾಸಿಗೆ ಅದನ್ನೇ ಹಾಕಿದ್ದು.

ಮೇಸ್ತ್ರಿ ಕೆಲಸವನ್ನು ಅಕ್ಟೋಬರ್ ಕೊನೆಗೆ ಮುಂದೂಡಿದರು. "ಈಗ ಏನು ಹಾಕಿದ್ರೂ ನಿಲ್ಲುದಿಲ್ಲ." ಗಟ್ಟಿಯಾಗಲು ಪಿಯುವಿಗೆ ಗಾಳಿಯ ತೇವ ಬೇಕು ನಿಜ, ಆದರೆ ಒದ್ದೆ ಗೋಡೆಗೆ ಹಾಕಿದರೆ ಅನಿಲ ಎದ್ದು ಒಳಗೆಲ್ಲ ಗುಳ್ಳೆಯಾಗುತ್ತದೆ. ಕೆಲಸ ಶುರುವಾದ ದಿನ ಬೆಳಗ್ಗೆಯೆಲ್ಲ ಹೋದದ್ದು ತಯಾರಿಗೆ. ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಗೋಡೆಯ ಬದಿಯ ಪೇಂಟು ಮತ್ತು ಪುಟ್ಟಿಯನ್ನು ಗಟ್ಟಿ ಗಿಲಾವು ಸಿಗುವವರೆಗೆ ತೆಗೆದು, ಸಂದಿಯನ್ನು 10 ಮಿ.ಮೀ.ಗೆ ಬಿಡಿಸಿಕೊಂಡರು. ತಂತಿ ಬ್ರಷ್ ತಿಕ್ಕಿ, ಒಣ ಬ್ರಷ್‌ನಿಂದ ಧೂಳು ತೆಗೆದರು. ಚೌಕಟ್ಟಿಗೆ ಎರಡು ಬಟ್ಟೆ: ಒಂದರಲ್ಲಿ ಸ್ಪಿರಿಟ್ ಹಾಕಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಕೊಳೆ ಎತ್ತುವುದು. ಒಂದೇ ಬಟ್ಟೆಯಾದರೆ ಕೊಳೆ ಜಾಗ ಬದಲಿಸುತ್ತದೆ, ಅಷ್ಟೆ. ಸ್ಪಿರಿಟ್ ಪೂರ್ತಿ ಆರುವ ತನಕ ಕಾದರು. ಅದರ ಹಸಿ ಉಳಿದರೆ ಪಿಯು ಗಟ್ಟಿಯಾಗದೆ ಅಂಟಂಟಾಗಿಯೇ ಇರುತ್ತದೆ. ಗಿಲಾವಿನ ಬದಿಗೆ ಅದೇ ಕಂಪನಿಯ ಪ್ರೈಮರ್ ಹಚ್ಚಿದರು.

ಆಮೇಲೆ ಬೂದು ಬಣ್ಣದ ಫೋಮ್ ಹಗ್ಗವೊಂದನ್ನು ಸಂದಿಯೊಳಗೆ ಒತ್ತಿದರು. ಬ್ಯಾಕರ್ ರಾಡ್ ಎಂದು ಹೆಸರು, ಸಂದಿಗಿಂತ ಸುಮಾರು ಕಾಲು ಭಾಗ ದಪ್ಪ ಇರಬೇಕು. ಇದು ಬರೀ ಮಾಲು ಉಳಿಸಲು ಎಂದುಕೊಂಡಿದ್ದೆ. ನಿಜವಾದ ಕಾರಣ ಬೇರೆ: ಸೀಲೆಂಟ್ ಎಡಬಲಕ್ಕೆ ಮಾತ್ರ ಅಂಟಬೇಕು, ಹಿಂದಕ್ಕೂ ಅಂಟಿದರೆ ಹಿಗ್ಗಲಾರದೆ ಹರಿಯುತ್ತದೆ. ಪಿಯು ಈ ಫೋಮಿಗೆ ಅಂಟುವುದಿಲ್ಲ. ರಾಡಿನ ಮೇಲೆ 6 ಮಿ.ಮೀ. ಆಳ ಉಳಿಯಿತು. ಸುತ್ತಳತೆ ಐದೂವರೆ ಮೀಟರ್, ಒಟ್ಟು 330 ಮಿಲಿಲೀಟರ್. ಅಂದರೆ 300ರ ಒಂದು ಟ್ಯೂಬು ಸಾಲದು. ಎರಡೂ ಬದಿ ಮಾಸ್ಕಿಂಗ್ ಟೇಪ್ ಅಂಟಿಸಿ, ತುಂಬಿ, ಚಪ್ಪಟೆ ಪಟ್ಟಿಯಿಂದ ಒತ್ತಿ ಎಳೆದು, ಪೊರೆ ಕಟ್ಟುವ ಮೊದಲೇ ಟೇಪ್ ಕಿತ್ತರು. ದಿನಕ್ಕೆ ಎರಡು-ಮೂರು ಮಿ.ಮೀ. ಆಳಕ್ಕೆ ಗಟ್ಟಿಯಾಗುವ ಮಾಲು, ನಾಲ್ಕನೇ ದಿನ ಪೇಂಟ್ ಆಯಿತು.

ಬಚ್ಚಲಿನಲ್ಲಿ ಮಾತ್ರ ಪಿಯು ಬೇಡ. ವಾಷ್ ಬೇಸಿನ್ ಗೋಡೆಗೆ ಸೇರುವಲ್ಲಿ, ಕಮೋಡಿನ ಬುಡದಲ್ಲಿ ಬೂಷ್ಟು ತಡೆಯುವ ಔಷಧ ಬೆರೆಸಿದ ಸ್ಯಾನಿಟರಿ ಸಿಲಿಕೋನ್ ಹಾಕಬೇಕು. ಆ ಔಷಧ ಕಾಲಕ್ರಮೇಣ ತೊಳೆದುಹೋಗುತ್ತದೆ, ಆಮೇಲೆ ಕಪ್ಪು ಚುಕ್ಕೆ ಪಟ್ಟಿಯ ಒಳಗೇ ಬೇರಿಳಿಸುತ್ತದೆ. ಅದರ ಮೇಲೊಂದು ಹೊಸ ಪದರ ಎಳೆಯುವುದು ದಂಡ. ಹಳೇ ಸಿಲಿಕೋನಿಗೆ ಹೊಸದೂ ನೆಟ್ಟಗೆ ಹಿಡಿಯುವುದಿಲ್ಲ. ಪೂರ್ತಿ ಕಿತ್ತು, ಬ್ಲೀಚಿನಲ್ಲಿ ತೊಳೆದು, ಬರೀ ನೀರಿನಲ್ಲಿ ಮತ್ತೆ ತೊಳೆದು, ಒಂದು ದಿನ ಆ ಬಚ್ಚಲನ್ನು ಬಳಸದೆ ಒಣಗಿಸಿ. ಸ್ನಾನದ ಟಬ್ ಇದ್ದರೆ ನೀರು ತುಂಬಿಸಿಟ್ಟೇ ಅಂಚಿಗೆ ಸಿಲಿಕೋನ್ ಹಾಕಿ, ಭಾರಕ್ಕೆ ಟಬ್ ಕುಸಿದಷ್ಟು ಸಂದಿ ಆಗಲೇ ತೆರೆದಿರುತ್ತದೆ. ಕಮೋಡಿನ ಹಿಂಬದಿ ಎರಡಿಂಚು ಖಾಲಿ ಬಿಡುವುದು ನನಗೆ ಸರಿ ಕಾಣುತ್ತದೆ. ಅಡಿಯಲ್ಲಿ ಸೋರಿದರೆ ನೀರು ಅಲ್ಲಿಂದ ಹೊರಬಂದು ಹೇಳುತ್ತದೆ.

ಮುಂದಿನ ಜೂನ್‌ನಲ್ಲಿ ಸಂದಿ ಗಟ್ಟಿಯಾಗಿಯೇ ಇತ್ತು, ಆದರೂ ಹಾಸಿನ ಮೇಲೆ ನೀರು. ಪುನಃ ಮೇಸ್ತ್ರಿಯೇ ಬಂದು ಚೌಕಟ್ಟಿನ ಹೊರಬದಿಯ ಕೆಳಗೆ ಕೈಯಾಡಿಸಿದರು. ಟ್ರ್ಯಾಕಿನ ನೀರು ಹೊರಹೋಗಲು ಬಿಟ್ಟ ಸಣ್ಣ ಕಿಂಡಿಗಳನ್ನು ಹಿಂದೆ ಯಾರೋ ಜಾಗ್ರತೆಯಿಂದ ಸಿಲಿಕೋನ್ ತುಂಬಿ ಮುಚ್ಚಿದ್ದರು. ಬ್ಲೇಡಿನ ತುದಿಯಿಂದ ಎರಡನ್ನೂ ಬಿಡಿಸಿದ ಕೂಡಲೇ ಟ್ರ್ಯಾಕಿನಲ್ಲಿ ನಿಂತಿದ್ದ ನೀರು ಹೊರಗೋಡೆಯ ಮೇಲೆ ಇಳಿದುಹೋಯಿತು.