ಬರೆಯದ ವರ್ಷ ಬಂದದ್ದೆಲ್ಲಿಂದ?

2025ರ ಜನವರಿಯಲ್ಲಿ ಅಂಗಡಿಯೊಂದರ ಹಳೆಯ ಬಿಲ್‌ಗಳನ್ನು ಎಕ್ಸೆಲ್‌ಗೆ ಏರಿಸುತ್ತಿದ್ದೀರಿ ಎಂದುಕೊಳ್ಳಿ. ಡಿಸೆಂಬರ್ 28ರ ಬಿಲ್‌ಗೆ `28-12` ಎಂದಷ್ಟೇ ಟೈಪ್ ಮಾಡುತ್ತೀರಿ. ಪರದೆಯ ಮೇಲೆ `28-Dec` ಎಂದು ಕಾಣುತ್ತದೆ. ಆದರೆ ಒಳಗೆ ದಾಖಲಾಗುವುದು 2025ರ ಡಿಸೆಂಬರ್ 28, ಅಂದರೆ ಇನ್ನೂ ಬಾರದ ದಿನ!

ಕಾರಣ ಸರಳ. ಎಕ್ಸೆಲ್ ದಿನಾಂಕವನ್ನು ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಣಿಸಿದ ದಿನಗಳ ಸಂಖ್ಯೆಯಾಗಿ ಇಡುತ್ತದೆ. 2024ರ ಡಿಸೆಂಬರ್ 28 ಅದಕ್ಕೆ 45654, 2025ರದ್ದು 46019. ವರ್ಷವಿಲ್ಲದೆ ಈ ಸಂಖ್ಯೆ ಹುಟ್ಟುವುದೇ ಇಲ್ಲ. ಹಾಗಾಗಿ ಕಂಪ್ಯೂಟರ್ ಗಡಿಯಾರದಲ್ಲಿರುವ ವರ್ಷವನ್ನೇ ಅದು ಸೇರಿಸಿಬಿಡುತ್ತದೆ, ಪರದೆಯಲ್ಲಿ ಮಾತ್ರ ತೋರಿಸುವುದಿಲ್ಲ.

ದಿನಾಂಕದ ಪ್ರಕಾರ ಜೋಡಿಸಿದಾಗ ಡಿಸೆಂಬರ್ ಬಿಲ್ ಜನವರಿಯದರ ಕೆಳಗೆ ಹೋದರೆ ಅನುಮಾನಪಡಿ. ಆ ಕೋಶದ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ ವರ್ಷ ಕಾಣುತ್ತದೆ. ತಪ್ಪಿದ ದಿನಾಂಕ A2ರಲ್ಲಿದ್ದರೆ, ಪಕ್ಕದ ಕೋಶದಲ್ಲಿ ಹೀಗೆ ಬರೆದು ಒಂದು ವರ್ಷ ಹಿಂದಕ್ಕೆ ತರಬಹುದು:

```
=EDATE(A2,-12)
```

ಉತ್ತರ ಸಂಖ್ಯೆಯಾಗಿ ಕಂಡರೆ ಆ ಕೋಶಕ್ಕೆ ದಿನಾಂಕದ ರೂಪ ಕೊಡಿ. ವರ್ಷಾರಂಭದಲ್ಲಿ ಹಳೆಯ ಲೆಕ್ಕ ಬರೆಯುವಾಗ `28-12-2024` ಎಂದು ಪೂರ್ತಿ ಬರೆಯುವುದೇ ಸರಿಯಾದ ದಾರಿ.